ಕಡೇ ಕರಿ ಕ್ಲಿಪ್ಪು ಬ್ಯಾಟರಿಗೆ ಹಚ್ಚಬ್ಯಾಡವಾ

"ಕಾಕಾ, ಗಾಡಿ ಸ್ಟಾರ್ಟ್ ಆಗವಲ್ದು, ಕೀಲಿ ತಿರುವಿದ್ರ ಬರೇ ಟಕ್ ಟಕ್ ಅಂತೈತಿ. ರಾತ್ರಿ ಲೈಟ್ ಬಂದ್ ಮಾಡೂದು ಮರ್ತಿದ್ವಿ. ಬಾಜೂ ಮನಿ ಅಂಕಲ್ ತಮ್ಮ ಕಾರಿಂದ ಕೇಬಲ್ ಹಚ್ಚೂಣು ಅನ್ನಾಕತ್ತಾರ. ಯಾವ ಕ್ಲಿಪ್ಪು ಮೊದಲ? ಶಾಕ್ ಗೀಕ್ ಹೊಡೀತೈತೇನು?"

ಏ ಶಾಕ್ ಏನೂ ಹೊಡಿಯಂಗಿಲ್ಲವಾ, 12 ವೋಲ್ಟ್ ಅದು. ಅಂಜೂದಿದ್ರ ಕಿಡಿಗೆ ಅಂಜು. ನಿಮ್ಮ ಕಾಕುನ ಕೇಳು, ನನ್ನ ಎಡಗಡೆ ಹುಬ್ಬಿನ ಕೆಳಗ ಕಲಿ ಐತಲ್ಲ, ಎಲ್ಲಾರೂ ಸಣ್ಣಾಂವ ಇದ್ದಾಗ ಬಿದ್ದಿದ್ದು ಅಂತ ತಿಳ್ಕೊಂಡೀರಿ, ಅದು ಬಿದ್ದಿದ್ದಲ್ಲ, ಬ್ಯಾಟರಿದು. ಗದಗಿನ ಲಗ್ನಕ್ಕ ಹೊಂಟಿದ್ವಿ, ಆ ಹಳೇ ಬಿಳಿ ಗಾಡ್ಯಾಗ, ಅಣ್ಣಿಗೇರಿ ಹತ್ರ ಚಾ ಕುಡಿಯಾಕ ನಿಲ್ಲಿಸಿದ್ವಿ, ಆಮ್ಯಾಲೆ ಗಾಡಿ ಏಳಲೇ ಇಲ್ಲ. ಒಬ್ಬಾಂವ ಜೀಪಿನಾಂವ ಪುಣ್ಯಾತ್ಮ ನಿಂತ, ಕೇಬಲ್ ಹಚ್ಚಿದ್ವಿ, ಪ್ಲಸ್ಸಿಗೆ ಪ್ಲಸ್ಸು ಮೈನಸ್ಸಿಗೆ ಮೈನಸ್ಸು, ನಾಲ್ಕೂ ಕ್ಲಿಪ್ಪು ಸೀದಾ ಬ್ಯಾಟರಿ ಮ್ಯಾಲೇ, ಅದರಾಗೇನು ತಪ್ಪು ಅಂತ. ಜೀಪು ಹತ್ತು ನಿಮಿಷ ಓಡಿಸಿದ, ನಮ್ಮ ಬ್ಯಾಟರಿ ಒಳಗ ಕುದ್ದಂಗ ಬುರು ಬುರು ಸಪ್ಪಳ, ನಮಗೇನು ಗೊತ್ತು, ಚಾರ್ಜ್ ಏರೂ ಮುಂದ ಆ್ಯಸಿಡ್ ನೀರಿಂದ ಹೈಡ್ರೋಜನ್ ಗ್ಯಾಸ್ ಏಳತೈತಿ, ಅದು ಬ್ಯಾಟರಿ ಮ್ಯಾಲೇನ ನಿಂತಿರತೈತಿ ಅಂತ. ಕರಿ ಕ್ಲಿಪ್ಪು ಲೂಸ್ ಅನಿಸ್ತು, ಕಿತ್ತಿ ಮತ್ತ ಅಲ್ಲೇ ಹಚ್ಚಾಕ ಹೋದೆ, ಚಟ್ ಅಂತ ಒಂದ ಕಿಡಿ, ಡಬ್ ಅಂತ ಮುಚ್ಚಳ ಹಾರಿ ಬಂತು ಮುಖಕ್ಕ! ಚಾದಂಗಡಿಯಾಂವ ಒಂದು ಕೊಡ ನೀರು ಪೂರ್ತಿ ಕಣ್ಣಿಗೆ ಸುರುವಿದ, ಅದಕ್ಕ ಇವತ್ತು ನಿನ್ನ ಮೆಸೇಜು ಓದಾಕತ್ತೀನಿ. ಧೋತರ ನೋಡಿದ್ರ ಚಂದ ಇತ್ತು, ಮರುದಿನ ಒಗದ ಮ್ಯಾಲ ಜಾಳಿಗಿ ಆಗಿತ್ತು.

ಅದಕ್ಕ ಹೇಳಾಕತ್ತೀನಿ, ಕಡೇ ಕರಿ ಕ್ಲಿಪ್ಪು ಸತ್ತ ಬ್ಯಾಟರಿ ಮೈನಸ್ಸಿಗೆ ಹಚ್ಚಬ್ಯಾಡ. ಕಡೀಗೆ ಹಚ್ಚೂದ್ರಾಗ ಕಿಡಿ ಬಂದ ಬರತೈತಿ, ಅದು ಬ್ಯಾಟರಿಯಿಂದ ದೂರ ಬರಲಿ.

ಲಗ್ನದಾಗ ಯಾರರ ಏನಾತು ಅಂತ ಕೇಳಿದ್ರೇನು? "ಹೆಣ್ಣಿನ ಕಡೆಯವರು ತಡಾ ಮಾಡಿದ್ರು" ಅಂತ ಇವತ್ತಿಗೂ ಮಾತು ಐತಿ. ಹೋಗ್ಲಿ. ಅದಾದ ಮ್ಯಾಲ ನಾ ಹುಬ್ಬಳ್ಳ್ಯಾಗ ಅಡ್ಡಾಡಿ ಹೆಬ್ಬೆರಳಿನಷ್ಟು ದಪ್ಪ ತಾಮ್ರದ ಕೇಬಲ್ ತಂದಿದ್ದೆ, ಹಾವೇರಿಯವರು ಎರಡು ದಿನಕ್ಕ ಅಂತ ಒಯ್ದ್ರು, ಹೆಸರು ಹೇಳಂಗಿಲ್ಲ, ಈ ಗ್ರೂಪಿನ್ಯಾಗ ಅದಾರ, ಓದಾಕತ್ತಾರ, ನೀಲಿ ಟಿಕ್ಕೂ ಬರತೈತಿ. ನಾಲ್ಕು ವರ್ಷಾತು. ಕೇಳಿದ್ರ ಸಂತ್ಯಾಗಿನ ಸಣ್ಣ ವೈರು ಕಳಿಸ್ಯಾರ, ಪ್ಲಾಸ್ಟಿಕ್ ದಪ್ಪ, ಒಳಗ ತಂತಿ ಕೂದಲದಂಥಾವು. ಸ್ಟಾರ್ಟರ್ ನೂರಕ್ಕಿಂತ ಮ್ಯಾಲ ಆಂಪಿಯರ್ ಎಳೀತೈತಿ, ಆ ವೈರು ಕೈಗೆ ಬಿಸಿ ಹತ್ತಿದ್ದೇ ಬಂತು, ಗಾಡಿ ಏಳಲಿಲ್ಲ.

ಏ ಮರ್ತೆ ನೋಡು, ನೀ ಕೇಳಿದ್ದೇ ಬ್ಯಾರೆ. ಅಂಕಲ್ ಗಾಡಿ ಹತ್ರ ತರಲಿ, ಒಂದಕ್ಕೊಂದು ತಾಗಬಾರದು, ಎರಡೂ ಆಫ್, ಹ್ಯಾಂಡ್‌ಬ್ರೇಕ್ ಹಾಕ್ರಿ. ಬ್ಯಾಟರಿ ಉಬ್ಬಿದ್ರ, ಸೀಳಿದ್ರ, ಸೋರಿದ್ರ ಕೇಬಲ್ ಮುಟ್ಟಲೇಬ್ಯಾಡ, ಮೆಕ್ಯಾನಿಕ್‌ಗೆ ಫೋನ್ ಹಚ್ಚು. ಮೊದಲ ಕೆಂಪು ನಿನ್ನ ಬ್ಯಾಟರಿ ಪ್ಲಸ್ಸಿಗೆ, ಕೆಂಪಿನ ಇನ್ನೊಂದು ತುದಿ ಅಂಕಲ್ ಪ್ಲಸ್ಸಿಗೆ, ಕರಿ ಅಂಕಲ್ ಮೈನಸ್ಸಿಗೆ, ಕಡೇ ಕರಿ ನಿನ್ನ ಎಂಜಿನ್ನಿನ ಬರೀ ಕಬ್ಬಿಣಕ್ಕ, ಬಣ್ಣ ಇಲ್ಲದ ದಪ್ಪ ಬೋಲ್ಟ್ ನೋಡು, ಬ್ಯಾಟರಿಯಿಂದ ಒಂದು ಮೊಳ ದೂರ, ಫ್ಯಾನು ಬೆಲ್ಟಿನ ಹತ್ರ ಅಲ್ಲ. ಬ್ಯಾಟರಿ ಮೈನಸ್ಸಿಗೆ ಅಲ್ಲಾ, ತಿಳೀತಿಲ್ಲೋ? ಪ್ಲಸ್ಸು ಮೈನಸ್ಸು ಚಿಹ್ನೆ ಬ್ಯಾಟರಿ ಮ್ಯಾಲೇನ ಬರದಿರತೈತಿ, ಧೂಳು ಒರಿಸಿ ಓದು, ವೈರಿನ ಬಣ್ಣ ನಂಬಬ್ಯಾಡ. ಅದಲಿ ಬದಲಿ ಆದ್ರ ಆಲ್ಟರ್ನೇಟರ್ ಸುಡತೈತಿ, ಎರಡೂ ಗಾಡಿದು.

ಅಂಕಲ್ ಗಾಡಿ ಐದು ನಿಮಿಷ ಓಡ್ಲಿ, ಆಮ್ಯಾಲೆ ನೀ ಕೀಲಿ ತಿರುವು, ಐದು ಸೆಕೆಂಡಿಗಿಂತ ಹೆಚ್ಚು ಹಿಡೀಬ್ಯಾಡ, ಏಳಲಿಲ್ಲಂದ್ರ ಒಂದು ನಿಮಿಷ ಬಿಟ್ಟು ಮತ್ತ. ಮತ್ತೂ ಟಕ್ ಟಕ್ಕೇ ಅಂದ್ರ ಆ ಬೋಲ್ಟಿನ ಮ್ಯಾಲ ಬಣ್ಣ ಐತಿ ಇಲ್ಲಾ ಟರ್ಮಿನಲ್ಲಿಗೆ ಬಿಳಿ ಹಿಟ್ಟು ಕಟ್ಟೈತಿ, ಎಲ್ಲಾ ಬಂದ್ ಮಾಡಿ ಕ್ಲಿಪ್ಪು ಬಿಚ್ಚಿ ಕೆರದು ಮತ್ತ ಹಚ್ಚು. ಎದ್ದ ಮ್ಯಾಲ ಬಿಚ್ಚೂದು ಉಲ್ಟಾ, ಎಂಜಿನ್ನಿನ ಕರಿ ಮೊದಲ, ನಿನ್ನ ಪ್ಲಸ್ಸಿನ ಕೆಂಪು ಕಡೀಗೆ. ಅರ್ಧಾ ತಾಸು ಓಡಿಸು, ನಡುವ ಕಾಯಿಪಲ್ಯಾ ಅಂತ ಬಂದ್ ಮಾಡೀಯಾ ಮತ್ತ.

ಮೊದಲ ಅಂಕಲ್ ಕೇಬಲ್‌ದ ಒಂದು ಫೋಟೋ ಹಾಕು, ಎಷ್ಟು ದಪ್ಪ ಐತಿ ನೋಡೂಣು.