ಇಂಗ್ಲಿಷ್ ಕಾನೂನಿನ ಒಪ್ಪಂದ, ಮಡಿಕೇರಿಯಲ್ಲಿ ದಾವೆ: ಲಿಮಿಟೇಶನ್ 3 ವರ್ಷವೋ, 6 ವರ್ಷವೋ?

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಮಡಿಕೇರಿ
ಇಂಟರ್ನಲ್ ಪರೀಕ್ಷೆಗೆ ಕೊಟ್ಟ ಸಮಸ್ಯೆ ಇದು. ಕೊಡಗಿನ ರಫ್ತುದಾರ ಲಂಡನ್ನಿನ ಖರೀದಿದಾರನಿಗೆ ಕರಿಮೆಣಸು ಮಾರಿದ್ದಾನೆ. ಸಹಿ ಆಗಿದ್ದು ಲಂಡನ್ನಿನಲ್ಲಿ, ಒಪ್ಪಂದಕ್ಕೆ ಇಂಗ್ಲಿಷ್ ಕಾನೂನು ಎಂದು ಷರತ್ತಿದೆ. 2022ರ ಮಾರ್ಚ್ 10ಕ್ಕೆ ಮಂಗಳೂರಲ್ಲಿ ಮಾಲು ಹಡಗಿಗೇರಿದೆ, ತೇವ ಜಾಸ್ತಿಯಿದ್ದು ಬೂಷ್ಟು ಹಿಡಿದಿದೆ. ಖರೀದಿದಾರ 2025ರ ನವೆಂಬರಿನಲ್ಲಿ ನಷ್ಟಪರಿಹಾರಕ್ಕೆ ಮಡಿಕೇರಿಯಲ್ಲಿ ದಾವೆ ಹಾಕುತ್ತಾನೆ. ದಾವೆ ಉಳಿಯುತ್ತದಾ ಸರ್?

ವಿದ್ಯಾರ್ಥಿ, ಕುಶಾಲನಗರ
ಉಳಿಯುತ್ತೆ ಅಕ್ಕ. 1992ರ ಎನ್‌ಟಿಪಿಸಿ ವಿರುದ್ಧ ಸಿಂಗರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪಕ್ಷಗಾರರು ಆರಿಸಿದ ಕಾನೂನೇ ಒಪ್ಪಂದವನ್ನು ಆಳುತ್ತೆ ಎಂದಿದೆ. ಇಂಗ್ಲೆಂಡಿನ 1980ರ ಕಾಯ್ದೆಯಲ್ಲಿ ಒಪ್ಪಂದದ ದಾವೆಗೆ 6 ವರ್ಷ. 2028ರವರೆಗೂ ಟೈಮಿದೆ.

ವಕೀಲರು, ವಿರಾಜಪೇಟೆ
ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಸಿಂಗರ್ ತೀರ್ಪು ಒಪ್ಪಂದವನ್ನು ಯಾವ ಕಾನೂನು ಆಳುತ್ತದೆ ಎನ್ನುವುದಕ್ಕೆ ಉತ್ತರ. ಆದರೆ ಕೋರ್ಟಿನ ಮುಂದೆ ಇರುವ ವಿಷಯ ಒಪ್ಪಂದದ್ದೋ, ಕೋರ್ಟಿನ ನಡಾವಳಿಯದ್ದೋ ಎಂದು ಅದಕ್ಕೂ ಮೊದಲು ತೀರ್ಮಾನ ಆಗಬೇಕು. ಆ ಕ್ಯಾರೆಕ್ಟರೈಸೇಶನ್ ಮೆಟ್ಟಿಲನ್ನೇ ನೀವು ದಾಟಿಬಿಟ್ಟಿದ್ದೀರಿ.

ತೇವಾಂಶ ಜಾಸ್ತಿ ಇದ್ದದ್ದು ಉಲ್ಲಂಘನೆಯೇ, ಯಾವ ಬಗೆಯ ನಷ್ಟ ಕೇಳಬಹುದು ಎನ್ನುವುದು ಒಪ್ಪಂದದ ಒಳಗಿನ ವಿಷಯ, ಅಲ್ಲಿ ಇಂಗ್ಲಿಷ್ ಕಾನೂನು ಬರುತ್ತದೆ. ಲಿಮಿಟೇಶನ್ ನಮ್ಮಲ್ಲಿ ನಡಾವಳಿಯ ವಿಷಯ, ಅದಕ್ಕೆ ದಾವೆ ಹೂಡಿದ ಕೋರ್ಟಿನ ಕಾನೂನು. ಅದನ್ನು ತರ್ಕದಿಂದ ಎಳೆದು ತರುವ ಕಷ್ಟವೂ ಬೇಡ. 1963ರ ಲಿಮಿಟೇಶನ್ ಕಾಯ್ದೆಯ 11ನೇ ಕಲಮು, ಹೊರದೇಶದಲ್ಲಿ ಆದ ಒಪ್ಪಂದದ ಮೇಲೆ ಇಲ್ಲಿ ದಾವೆ ಹಾಕಿದರೆ ಈ ಕಾಯ್ದೆಯ ಅವಧಿಯೇ ಎಂದು ನೇರವಾಗಿ ಹೇಳಿದೆ. ಸಹಿ ಲಂಡನ್ನಿನದಾದ್ದರಿಂದ ಈ ಕಲಮು ನಿಮ್ಮ ಸಮಸ್ಯೆಗೆ ಸರಿಯಾಗಿ ಕೂರುತ್ತದೆ. ಒಪ್ಪಂದ ಇಲ್ಲೇ ಆಗಿದ್ದರೆ 11 ಬೇಕಾಗಿಲ್ಲ, 3ನೇ ಕಲಮು ಸಾಕಿತ್ತು.

ಇನ್ನು ಲೆಕ್ಕ. ಒಪ್ಪಂದ ಮುರಿದದ್ದಕ್ಕೆ ಪರಿಹಾರ 55ನೇ ಅನುಚ್ಛೇದಕ್ಕೆ ಸೇರುತ್ತದೆ, ಉಲ್ಲಂಘನೆಯಾದ ದಿನದಿಂದ 3 ವರ್ಷ. ಹಡಗಿಗೇರಿದ ದಿನವೇ ಉಲ್ಲಂಘನೆ ಎಂದಿಟ್ಟುಕೊಂಡರೆ 2025ರ ಮಾರ್ಚಿಗೆ ಮುಗಿಯಿತು. ಕೋವಿಡ್ ವಿನಾಯಿತಿ 28.2.2022ಕ್ಕೇ ನಿಂತಿದ್ದರಿಂದ ಅದೂ ಸಿಗದು. ಪ್ರಶ್ನೆ ಬರೆದವರು ಮಾರ್ಚ್ 10 ಎಂದು ಬೇಕೆಂತಲೇ ಇಟ್ಟ ಹಾಗಿದೆ. ಪ್ರತಿವಾದಿ ತಕರಾರು ಎತ್ತದಿದ್ದರೂ 3ನೇ ಕಲಮಿನಡಿ ಕೋರ್ಟು ವಜಾ ಮಾಡಲೇಬೇಕು. ವಾದಪತ್ರದಲ್ಲಿ "ಇಂಗ್ಲಿಷ್ ಕಾನೂನಿನಂತೆ ಅವಧಿಯೊಳಗಿದೆ" ಎಂದಷ್ಟೇ ಬರೆದಿದ್ದರೆ ಅವಧಿ ಮೀರಿದ್ದನ್ನು ಅದೇ ಒಪ್ಪಿಕೊಂಡಂತೆ. ಪ್ರತಿವಾದಿ 7ನೇ ಆದೇಶದ 11(ಡಿ) ನಿಯಮದಡಿ ಅರ್ಜಿ ಹಾಕುತ್ತಾನೆ.

ವಿದ್ಯಾರ್ಥಿನಿ, ಮಡಿಕೇರಿ
11ರ ಎರಡನೇ ಉಪಕಲಮಿನಲ್ಲಿ ವಿದೇಶಿ ಲಿಮಿಟೇಶನ್ ಬಗ್ಗೆ ಏನೋ ಇದೆಯಲ್ಲ ಸರ್?

ವಕೀಲರು, ವಿರಾಜಪೇಟೆ
ಇದೆ, ಆದರೆ ಅದು ಪ್ರತಿವಾದಿಯ ಗುರಾಣಿ. ವಾದಿಗೆ ಹೆಚ್ಚು ಕಾಲ ಕೊಡುವುದಿಲ್ಲ. ವಿದೇಶಿ ನಿಯಮ ಒಪ್ಪಂದವನ್ನೇ ಅಳಿಸಿಹಾಕಿರಬೇಕು, ಆ ಅವಧಿಯಲ್ಲಿ ಇಬ್ಬರೂ ಆ ದೇಶದಲ್ಲಿ ಡೊಮಿಸೈಲ್ ಆಗಿರಬೇಕು. ಕೊಡಗಿನವನು ಇಲ್ಲೇ ಇದ್ದಾನೆ, ಅಲ್ಲಿಗೆ ಮುಗಿಯಿತು.

ಕಾಫಿ ವ್ಯಾಪಾರಿ, ಸುಂಟಿಕೊಪ್ಪ
ನಂದೂ ಇಂಥದ್ದೇ ವಕೀಲ್ರೇ. ಲಂಡನ್ ಪಾರ್ಟಿ 4 ವರ್ಷದಿಂದ ಬಾಕಿ ಕೊಟ್ಟಿಲ್ಲ, ಅಗ್ರಿಮೆಂಟಲ್ಲಿ ಭಾರತದ ಕಾನೂನು ಅಂತಿದೆ. ಇಲ್ಲಿ ಟೈಂ ಹೋದ್ರೆ ಲಂಡನ್ನಲ್ಲೇ ಕೇಸ್ ಹಾಕ್ತೀನಿ, ಅಲ್ಲಿ 6 ವರ್ಷ ಅಲ್ವಾ?

ವಕೀಲರು, ವಿರಾಜಪೇಟೆ
ನಿಮ್ಮದು ಇದರ ತಿರುವುಮುರುವು. ಇಂಗ್ಲೆಂಡ್ 1984ರಲ್ಲಿ ಫಾರಿನ್ ಲಿಮಿಟೇಶನ್ ಪೀರಿಯಡ್ಸ್ ಆಕ್ಟ್ ತಂದು, ಒಪ್ಪಂದವನ್ನು ಆಳುವ ಕಾನೂನಿನ ಅವಧಿಯನ್ನೇ ಅನ್ವಯಿಸುತ್ತದೆ. ಭಾರತದ ಕಾನೂನು ಬರೆದಿದ್ದಕ್ಕೆ ಅಲ್ಲಿಯೂ 3 ವರ್ಷವೇ ಎದುರಾಗುತ್ತದೆ. ಹಳೆಯ ಮೇಲ್‌ಗಳನ್ನು ಹುಡುಕಿ. 3 ವರ್ಷ ಮುಗಿಯುವ ಮೊದಲು ಅವರು ಬಾಕಿ ಒಪ್ಪಿಕೊಂಡು ಬರೆದು ಸಹಿ ಹಾಕಿದ್ದರೆ 18ನೇ ಕಲಮಿನಡಿ ಆ ದಿನದಿಂದ ಹೊಸದಾಗಿ ಎಣಿಕೆ. ಮೊದಲು ಆರ್ಬಿಟ್ರೇಶನ್ ಷರತ್ತು ಇದೆಯಾ ನೋಡಿಕೊಳ್ಳಿ, ಇದ್ದರೆ ದಾರಿಯೇ ಬೇರೆ.

ವಿದ್ಯಾರ್ಥಿ, ಕುಶಾಲನಗರ
ಒಪ್ಪಿದೆ ಸರ್. ಆದರೆ ಅದೇ ಮೆಣಸಿನ ಒಪ್ಪಂದದಲ್ಲಿ "12 ತಿಂಗಳ ನಂತರ ಹಕ್ಕು ಇರುವುದಿಲ್ಲ" ಎಂದು ಬರೆದಿದ್ದರೆ?

ವಕೀಲರು, ವಿರಾಜಪೇಟೆ
ಒಳ್ಳೆಯ ಪ್ರಶ್ನೆ. ನಮ್ಮ ಕರಾರು ಕಾಯ್ದೆಯ 28ನೇ ಕಲಮು 1997ರ ತಿದ್ದುಪಡಿಯ ನಂತರ ಇಂಥ ಷರತ್ತನ್ನು ಅನೂರ್ಜಿತ ಮಾಡುತ್ತದೆ. ಷರತ್ತಿನ ಸಿಂಧುತ್ವ ಒಪ್ಪಂದದ ವಿಷಯ ಎಂದರೆ ಇಂಗ್ಲಿಷ್ ಕಾನೂನು ಬಂದು ಅದು ನಿಲ್ಲಬಹುದು. 28 ನಮ್ಮ ಸಾರ್ವಜನಿಕ ನೀತಿ ಎಂದರೆ ಬೀಳುತ್ತದೆ. ಕೋರ್ಟಿಗೆ ಹೋಗುವ ಹಕ್ಕನ್ನು ಕಾಯುವ ಕಲಮಾದ್ದರಿಂದ ನನ್ನ ಒಲವು ಎರಡನೆಯದಕ್ಕೆ.

ಉಪನ್ಯಾಸಕಿ, ಮೈಸೂರು
ನಾನು ಒಪ್ಪಲ್ಲ ಸರ್. ದೇಶದೊಳಗಿನ ಒಪ್ಪಂದದಲ್ಲಿ ಅನೂರ್ಜಿತ ಎಂದ ಮಾತ್ರಕ್ಕೆ ಎಲ್ಲವೂ ಗಡಿಯಾಚೆಯ ವ್ಯವಹಾರಕ್ಕೂ ಸಾರ್ವಜನಿಕ ನೀತಿ ಆಗೋದಿಲ್ಲ. ಹಾಗಾದರೆ ಕಾನೂನು ಆರಿಸುವ ಷರತ್ತಿಗೆ ಬೆಲೆ ಎಲ್ಲಿ? ಪರೀಕ್ಷೆಯಲ್ಲಿ ಎರಡೂ ವಾದ ಬರೆದು, ನಿಮ್ಮದು ಯಾವುದೆಂದು ಕಾರಣ ಕೊಡಿ.