ಧ್ವನಿಮುದ್ರಿಕೆಯ ಜೊತೆಗೇ ನುಡಿದರೂ ಉಚ್ಚಾರ ಕೂಡುತ್ತಿಲ್ಲ

ಪ್ರಶ್ನೆ (ದಾವಣಗೆರೆಯ ನರ್ಸ್): ಜರ್ಮನಿಗೆ ಹೋಗಲು ಭಾಷೆ ಕಲಿಯುತ್ತಿದ್ದೇನೆ. ಎರಡು ತಿಂಗಳಿನಿಂದ ಧ್ವನಿಮುದ್ರಿಕೆ ಹಾಕಿ ಅದರ ಜೊತೆಜೊತೆಗೇ ನುಡಿಯುತ್ತೇನೆ, ಆಗ ಸರಿಯೆನಿಸುತ್ತದೆ. ಆದರೆ ‘ಗಾಗಿ’ ಎಂಬರ್ಥದ ‘ಫ್ಯೂರ್’ ಪದವನ್ನು ನಮ್ಮ ಮೇಡಂ ಪ್ರತಿ ಸಲವೂ ತಿದ್ದುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಜಪಾನಿ ಕಲಿತವರೊಬ್ಬರು: ಕಂಪ್ಯೂಟರಿನಲ್ಲಿ ಎರಡು ಧ್ವನಿಗಳ ಅಲೆಗೆರೆಗಳನ್ನು ಮೇಲೆ ಕೆಳಗೆ ಇಟ್ಟು ಹೊಂದಿಸಿ, ಸಾಕು. ಜಪಾನಿಯಲ್ಲಿ ‘ಒಬಸನ್’ ಅತ್ತೆ, ‘ಒಬಾಸನ್’ ಅಜ್ಜಿ. ಗೆರೆ ನೋಡಿಯೇ ನಾನು ತಿದ್ದಿಕೊಂಡೆ.

ಜರ್ಮನ್ ಬೋಧಕಿ, ಮೈಸೂರು: ಹ್ರಸ್ವ ದೀರ್ಘಕ್ಕೆ ಆ ಉಪಾಯ ಸರಿ, ಏಕೆಂದರೆ ಗೆರೆಯಲ್ಲಿ ಉದ್ದ ಕಾಣುತ್ತದೆ. ಇಲ್ಲಿರುವುದು ಸ್ವರದ ಬಣ್ಣದ ತೊಂದರೆ. ಅದನ್ನು ಆ ಗೆರೆಯಲ್ಲಿ ಓದಲಾಗದು, ಕಿವಿಯೇ ಹಿಡಿಯಬೇಕು.

ಜೊತೆಯಲ್ಲಿ ನುಡಿಯುವಾಗ ಮುದ್ರಿಕೆಯ ಧ್ವನಿ ನಿಮ್ಮ ತಪ್ಪನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಮೂಲವನ್ನು ಇಯರ್‌ಫೋನಿನಲ್ಲಿ ಮಾತ್ರ ಕೇಳುತ್ತಾ, ನಿಮ್ಮ ಧ್ವನಿಯನ್ನು ಬೇರೆ ಮೊಬೈಲಿನಲ್ಲಿ ಮುದ್ರಿಸಿ. ಒಂದೇ ವಾಕ್ಯ ಸಾಕು: ‘ನಿಮಗಾಗಿ ನಾಲ್ಕು ಮಾತ್ರೆ ತಂದಿದ್ದೇನೆ’ ಎಂಬುದರ ಜರ್ಮನ್ ರೂಪ. ಅದರಲ್ಲಿ ನಾಲ್ಕು ಎಂಬ ‘ಫೀರ್’ ಕೂಡ ಬರುತ್ತದೆ. ಆಮೇಲೆ ಮೂಲದ ‘ಫ್ಯೂರ್’ ಒಂದೇ ಪದ, ನಿಮ್ಮ ‘ಫ್ಯೂರ್’ ಒಂದೇ ಪದ, ಮತ್ತೆ ಮೂಲ ಎಂದು ಬೆನ್ನುಬೆನ್ನಿಗೆ ಕೇಳಿ. ಇಡೀ ವಾಕ್ಯ ಕೇಳಿದರೆ ಮನಸ್ಸು ಅರ್ಥದ ಹಿಂದೆ ಹೋಗುತ್ತದೆ.

ದೋಷದ ಬೇರು ನಿಮ್ಮ ನೋಟ್‌ಬುಕ್ಕಿನಲ್ಲೇ ಇರಬಹುದು. ‘ಫ್ಯೂ’ ಎಂದು ಕನ್ನಡದಲ್ಲಿ ಬರೆದುಕೊಂಡರೆ ನಾಲಗೆ ಮೊದಲು ಯಕಾರ ನುಡಿದು ಆಮೇಲೆ ಊಕಾರಕ್ಕೆ ಜಾರುತ್ತದೆ. ಜರ್ಮನಿನಲ್ಲಿ ಆ ಜಾರುವಿಕೆ ಇಲ್ಲ. ‘ಈ’ ಎಂದು ಎಳೆಯುತ್ತಲೇ, ನಾಲಗೆಯನ್ನು ಕದಲಿಸದೆ, ತುಟಿಗಳನ್ನು ಮಾತ್ರ ‘ಊ’ಗೆ ಮಾಡುವಂತೆ ಸುತ್ತಿಸಿ. ಕನ್ನಡಿಯ ಮುಂದೆ ಮಾಡಿ ನೋಡಿ. ತುಟಿ ಸಡಿಲಿಸಿದ ಕೂಡಲೇ ಮತ್ತೆ ಶುದ್ಧ ‘ಈ’ ಕೇಳಿಸಿದರೆ ನಾಲಗೆ ಜಾಗದಲ್ಲೇ ಇತ್ತು ಎಂದು ಅರ್ಥ.

ನರ್ಸ್: ಮಾಡಿದೆ. ಆದರೆ ನನ್ನ ಮುದ್ರಿಕೆ, ಮೂಲ ಎರಡೂ ಒಂದೇ ಥರ ಕೇಳಿಸುತ್ತವೆ!

ಬೋಧಕಿ: ಹಾಗಾದರೆ ಸದ್ಯ ನುಡಿಯುವುದನ್ನು ನಿಲ್ಲಿಸಿ. ಜರ್ಮನರು ನುಡಿದ ‘ಫ್ಯೂರ್’, ‘ಫೀರ್’ ಎಂಬ ಎರಡು ಪದಗಳನ್ನು ಮನೆಯವರು ಕಲಸಿ 20 ಸಲ ಕೇಳಿಸಲಿ, ನೀವು ಯಾವುದೆಂದು ಹೇಳಿ. ಹತ್ತರ ಆಸುಪಾಸಿನಲ್ಲೇ ಸರಿಯಾದರೆ ನೀವು ಊಹಿಸುತ್ತಿದ್ದೀರಿ. ಕಿವಿ ಬೇರ್ಪಡಿಸದಿದ್ದನ್ನು ಹೋಲಿಸಿ ತಿದ್ದಲು ಬರುವುದಿಲ್ಲ.

ಮತ್ತೊಬ್ಬರು: ಪದಗಳ ಅರ್ಥ ನೆನಪಿಡಲು ಇದು ಉಪಯೋಗವಾಗುತ್ತದೆಯೇ?

ಬೋಧಕಿ: ಇಲ್ಲ, ಅದು ಬೇರೆ ಅಭ್ಯಾಸ.

ನರ್ಸ್: ತಮ್ಮ ಕೇಳಿಸಿದ, 20ರಲ್ಲಿ 12 ಸರಿ. ಪಠ್ಯ ಎದುರಿಗಿಟ್ಟುಕೊಳ್ಳಲೇ ಮೇಡಂ?

ಬೋಧಕಿ: ನಾನು ಬೇಡವೆನ್ನುತ್ತೇನೆ, ನನ್ನ ಸಹೋದ್ಯೋಗಿ ಮೊದಲ ವಾರ ಬೇಕೇಬೇಕು ಎನ್ನುತ್ತಾರೆ. ಇನ್ನೂ ನಮ್ಮಿಬ್ಬರ ವಾದ ಮುಗಿದಿಲ್ಲ. 12 ಎಂದರೆ ಊಹೆಯೇ. ಇನ್ನೊಂದು ವಾರ ಕೇಳುವುದಷ್ಟೇ ಮಾಡಿ, ಬೇರೆ ಬೇರೆ ಗಂಡು ಹೆಣ್ಣು ಧ್ವನಿಗಳಲ್ಲಿ.