ಸಹಾಯ ಬೇಕು: ಭಾನುವಾರ ಬಾಡಿಗೆ ಅಗ್ರಿಮೆಂಟ್‌ಗೆ ಸಹಿ ಹಾಕಿಸಬಹುದಾ?

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ಒಂದು ಮನೆ ನೋಡಿದ್ದೇವೆ, ಟೋಕನ್ ಅಡ್ವಾನ್ಸ್ ಕೂಡ ಕೊಟ್ಟಾಗಿದೆ. 11 ತಿಂಗಳ ಅಗ್ರಿಮೆಂಟ್, ಹಾಗಾಗಿ ರಿಜಿಸ್ಟ್ರೇಷನ್ ತಲೆನೋವಿಲ್ಲ. ತೊಂದರೆ ಇರುವುದು ದಿನ ಗೊತ್ತು ಮಾಡುವುದರಲ್ಲಿ.

ಓನರ್ ಅಂಕಲ್ ಇರುವುದು ತುಮಕೂರಿನಲ್ಲಿ. "ಭಾನುವಾರ ಬೆಳಿಗ್ಗೆ ಬರ್ತೀನಪ್ಪ, ಎಲ್ಲಾ ರೆಡಿ ಇಟ್ಕೊಂಡಿರಿ" ಅಂದಿದ್ದಾರೆ. ಆದರೆ ನಮ್ಮ ಕಡೆ ಇ-ಸ್ಟಾಂಪ್ ಕೊಡುವ ಸೊಸೈಟಿಗೂ ನೋಟರಿಗೂ ಅವತ್ತು ರಜೆ. ಶನಿವಾರವೇ ಇ-ಸ್ಟಾಂಪ್ ತಂದು ಪ್ರಿಂಟ್ ಮಾಡಿಸೋಣ ಅಂದುಕೊಂಡೆ, ಅದಕ್ಕೆ ಇಬ್ಬರ ಹೆಸರೂ ಬೇಕು, ಅಂಕಲ್ ಹೆಸರು ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಕಂದಾಯ ರಸೀದಿಯಲ್ಲಿ ಇನಿಷಿಯಲ್ ಹಿಂದೆ, ಅದೂ ಸ್ಪೆಲ್ಲಿಂಗ್ ಬೇರೆ! ಒಮ್ಮೆ ಪ್ರಿಂಟ್ ಆದರೆ ತಿದ್ದಲು ಆಗುವುದಿಲ್ಲ ಅಲ್ವಾ, ಯಾವುದನ್ನು ಹಾಕಿಸಲಿ?

ಇನ್ನು ಸಾಕ್ಷಿ. ನನ್ನ ಕಡೆಯಿಂದ ಆಫೀಸ್ ಗೆಳೆಯ ಬರುತ್ತಾನೆ. ಅಂಕಲ್ ಕಡೆಯವರು ಅವರ ಅಳಿಯ, ಆದರೆ ಅವರಿಗೆ ಬಿಡುವು ಬುಧವಾರ ಮಾತ್ರವಂತೆ. "ಜಾಗ ಬಿಟ್ಟಿರಿ, ಆಮೇಲೆ ಸೈನ್ ಹಾಕ್ತಾನೆ" ಅಂತಾರೆ ಅಂಕಲ್. ನಾವು ಸಹಿ ಹಾಕುವುದನ್ನು ನೋಡದವರು ಸಾಕ್ಷಿ ಹೇಗಾಗುತ್ತಾರೆ? ಪಕ್ಕದ ಮನೆಯವರನ್ನು ಕೇಳಿದರೆ ನಡೆಯುತ್ತಾ?

ಆಧಾರ್ ಜೆರಾಕ್ಸ್, ಫೋಟೋ, ಅಡ್ವಾನ್ಸ್ ಕಳಿಸಿದ ಬ್ಯಾಂಕ್ ವಿವರ ಫೈಲ್‌ನಲ್ಲಿ ಇಟ್ಟಿದ್ದೇನೆ. ಅಂಕಲ್‌ಗೆ ಕಂದಾಯ ರಸೀದಿ, ಕರೆಂಟ್ ಬಿಲ್ ತರಲು ಹೇಳಿದ್ದೇನೆ. ಇನ್ನೇನಾದರೂ ಬೇಕಾ? ವಿಜಯನಗರ, ಅತ್ತಿಗುಪ್ಪೆ ಕಡೆ ಭಾನುವಾರ ಸಿಗುವ ನೋಟರಿ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಇಲ್ಲದಿದ್ದರೆ ಇವತ್ತು ಸಂಜೆಯೇ ಅಂಕಲ್‌ಗೆ ಫೋನ್ ಮಾಡಿ ಬುಧವಾರಕ್ಕೆ ಒಪ್ಪಿಸಬೇಕು, ನನಗೆ ಅರ್ಧ ದಿನ ರಜೆ ಹೋಗುತ್ತೆ ಅಷ್ಟೆ.